ಟೀಚರ್ ತಲೆಯ ಹೇನು

ತೃಷಾಳ ತಲೆಯಲ್ಲಿ ಹೇನು ಉಂಟೆಂದು ಮೊದಲು ಹೇಳಿದ್ದು ಅವಳ ಹಿಂದಿನ ಬೆಂಚಿನ ಉಜ್ವಲ್. ಜೂನ್ ತಿಂಗಳ ಕೊನೆಯ ಸೋಮವಾರ. ಮೂರನೇ ಕ್ಲಾಸಿನ ಹದಿನಾರು ಮಕ್ಕಳೂ ತಲೆ ಬಗ್ಗಿಸಿ ಮಗ್ಗಿ ಬರೆಯುತ್ತಿದ್ದಾಗ ಅವನು ಎದ್ದು ನಿಂತು, "ಟೀಚರ್, ತೃಷಾನ ಜಡೆಯಲ್ಲಿ ಒಂದು ನಡೀತಾ ಉಂಟು" ಎಂದ.

ಮಕ್ಕಳು ನಕ್ಕರು. ತೃಷಾಳ ಪಕ್ಕದಲ್ಲಿ ಕೂತಿದ್ದ ಹುಡುಗಿ ಪುಸ್ತಕ ಎತ್ತಿಕೊಂಡು ಮೆಲ್ಲನೆ ಆಚೆ ಸರಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಬೆಂಚಿನಲ್ಲಿ ಇಬ್ಬರ ಜಾಗ ಖಾಲಿಯಾಗಿತ್ತು. ತೃಷಾ ನಡುವೆ ಒಬ್ಬಳೇ ಕೂತು, ಸೊಂಟದವರೆಗೆ ಬರುವ ಎರಡು ಜಡೆಗಳನ್ನು ಮುಂದಕ್ಕೆ ಎಳೆದು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ದೇಲಂಪಾಡಿ ಪಂಚಾಯತಿನ ಕಾಡಿನಂಚಿನ ಚಿಕ್ಕ ಕನ್ನಡ ಶಾಲೆ ಅದು. ಸುಪ್ರೀತಾ ಟೀಚರ್ ಅಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ವಯಸ್ಸು ನಲವತ್ತಮೂರು, ಮದುವೆಯಾಗಿಲ್ಲ. ಕಾರಡ್ಕದಲ್ಲಿ ಒಂದು ಟೈಲರ್ ಅಂಗಡಿಯ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದು ತಾಯಿಯ ಜೊತೆ ಇದ್ದಳು. ತಾಯಿ ತೀರಿಕೊಂಡು ಎರಡು ವರ್ಷ. ಅಗಲ್ಪಾಡಿಯಲ್ಲಿ ಅಣ್ಣನ ಮನೆ ಇದೆ, ಹಬ್ಬಕ್ಕೆ ಕರೆಯುತ್ತಾರೆ, ಹೋಗಿ ಊಟ ಮಾಡಿ ಸಂಜೆಯ ಬಸ್ಸಿಗೆ ಹಿಂದೆ ಬರುತ್ತಾಳೆ. ಕಾರಡ್ಕದ ಕೋಣೆಯಲ್ಲಿ ಶನಿವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಬಾಯಿ ತೆರೆದು ಮಾತಾಡುವ ಸಂದರ್ಭವೇ ಬರದ ವಾರಗಳೂ ಇದ್ದವು.

ತೃಷಾಳ ಅಮ್ಮ ಅಶ್ಮಿತಾ ಮಸ್ಕತ್ತಿನಲ್ಲಿ ಒಂದು ಮನೆಯಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಎರಡು ವರ್ಷಕ್ಕೊಮ್ಮೆ ರಜೆ. ಅಪ್ಪ ಜಿತೇಂದ್ರ ಪಿಕಪ್ ಓಡಿಸುತ್ತಿದ್ದ. ಹುಡುಗಿಯನ್ನು ನೋಡಿಕೊಳ್ಳುವುದು ಅಜ್ಜಿ ಕಮಲ. ನಲವತ್ತು ವರ್ಷ ಬೀಡಿ ಕಟ್ಟಿದ ಕೈ, ಈಗ ಎರಡೂ ಕಣ್ಣಿಗೆ ಪೊರೆ. ಅಜ್ಜಿ ದಿನವೂ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರು. ಕೂದಲ ಬುಡದಲ್ಲಿ ಏನು ಓಡಾಡುತ್ತದೆಂದು ಅವರಿಗೆ ಕಾಣುವ ಹಾಗಿರಲಿಲ್ಲ.

ಆ ಸಂಜೆ ಟೀಚರ್ ಜಿತೇಂದ್ರನಿಗೆ ಫೋನು ಮಾಡಿದಳು.

"ಗೊತ್ತುಂಟು ಟೀಚರ್" ಎಂದ ಅವನು. "ರಜೆಯಲ್ಲಿ ಒಮ್ಮೆ ಸೀಮೆಎಣ್ಣೆ ಹಾಕಿದ್ದೆ. ಹೋಗ್ಲಿಲ್ಲ. ಇನ್ನೊಮ್ಮೆ ಹಾಕುದಾ?"

"ಅಯ್ಯೋ, ಬೇಡ! ಚರ್ಮ ಸುಟ್ಟು ಹೋಗ್ತದೆ. ಬೆಂಕಿ ತಾಗಿದ್ರೆ ಎಂತ ಮಾಡುದು?"

"ಸುಟ್ಟಿದೆ ಸ್ವಲ್ಪ, ಕಿವಿಯ ಹಿಂದೆ." ಅವನು ತಡೆದು ಹೇಳಿದ. "ಕೂದಲು ತೆಗೆಸುವ ಅಂದ್ರೆ ಅವಳ ಅಮ್ಮ ಬಿಡುದಿಲ್ಲ. ವೀಡಿಯೋ ಕಾಲಲ್ಲಿ ದಿನಾ ಜಡೆ ತೋರಿಸ್ಬೇಕು ಅವಳಿಗೆ."

ಬುಧವಾರ ಆರೋಗ್ಯ ಕೇಂದ್ರದಿಂದ ಅನ್ನಪೂರ್ಣೇಶ್ವರಿ ಸಿಸ್ಟರ್ ಬಂದರು. ಐದು ಶಾಲೆಗಳು ಅವರ ಪಾಲಿಗೆ. ವರಾಂಡದ ಬೆಳಕಿನಲ್ಲಿ ಕುರ್ಚಿ ಹಾಕಿಸಿ, ಹಲ್ಲುಗಳು ಒತ್ತೊತ್ತಾಗಿರುವ ಸ್ಟೀಲಿನ ಹೇನು ಬಾಚಣಿಗೆ ಹಿಡಿದು, ಒಬ್ಬೊಬ್ಬರನ್ನೇ ಕೂರಿಸಿ ನೋಡಿದರು. ಕಿವಿಯ ಹಿಂದೆ, ಕತ್ತಿನ ಮೇಲೆ. ಪ್ರತಿ ಸಲ ಬಾಚಿ ಬಿಳಿ ಕಾಗದದ ಮೇಲೆ ಒರೆಸುತ್ತಿದ್ದರು. ಒಬ್ಬರಿಗೆ ಬಳಸಿದ ಬಾಚಣಿಗೆಯನ್ನು ಬಿಸಿನೀರಿನ ಪಾತ್ರೆಗೆ ಹಾಕಿ ಬೇರೊಂದನ್ನು ತೆಗೆದುಕೊಳ್ಳುತ್ತಿದ್ದರು. ಮುಗಿಯುವಾಗ ಹದಿನಾರರಲ್ಲಿ ಏಳು ತಲೆಗಳಲ್ಲಿ ಹೇನಿತ್ತು. ಅದರಲ್ಲಿ ಉಜ್ವಲ್‌ನ ತಲೆಯೂ ಒಂದು.

ಗುರುವಾರ ತಾಯಂದಿರ ಸಭೆ. ಉಜ್ವಲ್‌ನ ತಾಯಿ ಎದ್ದು ನಿಂತು, "ನಮ್ಮ ಮನೆಯಲ್ಲಿ ಇದೆಲ್ಲ ಇರ್ಲೇ ಇಲ್ಲ. ಯಾರಿಂದ ಬಂದದ್ದು ಅಂತ ಎಲ್ಲರಿಗೂ ಗೊತ್ತುಂಟು. ಅಂಥ ಮಕ್ಕಳನ್ನು ಹೇನು ಹೋಗುವ ತನಕ ಶಾಲೆಗೆ ಕಳಿಸ್ಬಾರದು" ಎಂದರು.

"ಹಾಗಾದ್ರೆ ನಿಮ್ಮ ಮಗನೂ ಬರುವ ಹಾಗಿಲ್ಲ" ಎಂದರು ಸಿಸ್ಟರ್. "ಹೇನು ಹಾರುದಿಲ್ಲ, ಅದಕ್ಕೆ ರೆಕ್ಕೆ ಇಲ್ಲ. ತಲೆಗೆ ತಲೆ ತಾಗುವಾಗ ನಡ್ಕೊಂಡು ಹೋಗ್ತದೆ. ಸ್ನಾನ ಮಾಡುವವರ ತಲೆಗೂ ಬರ್ತದೆ, ಮಾಡದವರ ತಲೆಗೂ ಬರ್ತದೆ. ಯಾರನ್ನೂ ಮನೆಯಲ್ಲಿ ಕೂರಿಸ್ಬೇಕಾಗಿಲ್ಲ. ಆದ್ರೆ ನಾನು ಹೇಳಿದ್ದನ್ನು ಪೂರ್ತಿ ಮಾಡ್ಬೇಕು."

ಅವರು ನಿಧಾನವಾಗಿ ಹೇಳಿದರು. ಪರ್ಮೆಥ್ರಿನ್ ಒಂದು ಪರ್ಸೆಂಟಿನ ಲೋಷನ್. ಮೊದಲು ಬರೇ ಶಾಂಪೂ ಹಾಕಿ ತಲೆ ತೊಳೆಯಬೇಕು, ಕಂಡೀಷನರ್ ಹಾಕಬಾರದು. ಟವೆಲಿನಿಂದ ನೀರು ಒರೆಸಬೇಕು. ನೀರು ಸುರಿಯುತ್ತಿದ್ದರೆ ಮದ್ದು ತೆಳುವಾಗಿ ಹೋಗುತ್ತದೆ. ಬುಡದಿಂದ ತುದಿಯವರೆಗೆ ನೆನೆಯುವಷ್ಟು ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯುವುದು. ಉದ್ದ ಕೂದಲಿಗೆ ಒಂದು ಬಾಟ್ಲಿ ಸಾಲದು, ಎರಡು ಬೇಕು. ಮದ್ದಿಗೆ ಸಾಯದೆ ಉಳಿದ ಸೀರು, ಅಂದರೆ ಹೇನಿನ ಮೊಟ್ಟೆ, ವಾರ ಹತ್ತು ದಿನದಲ್ಲಿ ಒಡೆದು ಮರಿಯಾಗುತ್ತದೆ. ಅದಕ್ಕೇ ಒಂಬತ್ತನೆಯ ದಿನ ಇನ್ನೊಮ್ಮೆ ಹಚ್ಚಲೇಬೇಕು. ಮನೆಯಲ್ಲಿ ಎಲ್ಲರ ತಲೆಯನ್ನೂ ನೋಡಬೇಕು, ಇದ್ದವರೆಲ್ಲ ಒಂದೇ ದಿನ ಹಚ್ಚಬೇಕು.

"ನಾಳೆ ಒಬ್ಬರು, ನಾಡಿದ್ದು ಒಬ್ಬರು ಅಂದ್ರೆ ಆಗುದಿಲ್ಲ. ಒಂದು ತಲೆ ಬಿಟ್ಟುಹೋದ್ರೆ ಎಲ್ಲ ಪುನಃ ಸುರು."

ಶನಿವಾರ ಸಂಜೆಯೆಂದು ನಿಶ್ಚಯವಾಯಿತು. ಎಲ್ಲರೂ ಹೋದ ಮೇಲೆ ಸಿಸ್ಟರ್ ಚೀಲ ಕಟ್ಟುತ್ತಾ, "ಟೀಚರ್, ನಿಮ್ಮ ತಲೆಯನ್ನೂ ಒಮ್ಮೆ ನೋಡುವ" ಎಂದರು.

ಸುಪ್ರೀತಾ ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನ ದಿನ ಬೆಳಿಗ್ಗೆಯೇ ತಲೆದಿಂಬಿನ ಬಿಳಿ ಬಟ್ಟೆಯ ಮೇಲೆ ಒಂದು ಎಳ್ಳಿನ ಗಾತ್ರದ್ದು ಅಲುಗುವುದನ್ನು ಅವಳು ಕಂಡಿದ್ದಳು.

"ನಾನು ನೋಡ್ಕೊಂಡಿದ್ದೇನೆ ಸಿಸ್ಟರ್. ಎಂತ ಇಲ್ಲ."

ಸಿಸ್ಟರ್ ಒತ್ತಾಯ ಮಾಡಲಿಲ್ಲ. ಅವರಿಗೆ ಬಸ್ಸಿತ್ತು.

ಶನಿವಾರ ಕಾರಡ್ಕದ ಕೋಣೆಯಲ್ಲಿ ಅವಳೂ ಮದ್ದು ಹಚ್ಚಿದಳು. ಮುಳ್ಳೇರಿಯಾದ ಮದ್ದಿನಂಗಡಿಯಲ್ಲಿ "ಶಾಲೆಯ ಮಕ್ಕಳಿಗೆ" ಎಂದು ಸುಳ್ಳು ಹೇಳಿ, ನಾಚಿಕೆಯಿಂದ ಒಂದೇ ಬಾಟ್ಲಿ ತಂದಿದ್ದಳು. ಅವಳ ಕೂದಲು ದಪ್ಪ, ಸೊಂಟದಿಂದ ಕೆಳಗೆ ಬರುತ್ತದೆ. ತಾಯಿ ಇದ್ದಾಗ ಅದನ್ನು ಎರಡು ಪಾಲು ಮಾಡಿ, ಒಂದೊಂದು ಪಾಲನ್ನೂ ಬಿಡಿಸಿ ಬಾಚುತ್ತಿದ್ದರು. ಈಗ ಮದ್ದು ಮುಂದಿನ ಅರ್ಧಕ್ಕೇ ಮುಗಿಯಿತು. ಉಳಿದ ಒಂದಿಷ್ಟನ್ನು ಹಿಂದಕ್ಕೆ ಸವರಿದಳು. ಕೂದಲಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಕನ್ನಡಿ ಗೋಡೆಯಲ್ಲಿ ಒಂದೇ. ಕೈಯಲ್ಲಿ ಇನ್ನೊಂದು ಚಿಕ್ಕ ಕನ್ನಡಿ ಹಿಡಿದು ಹಿಂಬದಿ ನೋಡಲು ಹೋದರೆ ಬಾಚಣಿಗೆ ಹಿಡಿಯಲು ಕೈ ಇಲ್ಲ. ಕತ್ತಿನ ಮೇಲ್ಭಾಗ ಅವಳಿಗೆ ಕಾಣಲೇ ಇಲ್ಲ.

ಎರಡು ದಿನದಲ್ಲಿ ತುರಿಕೆ ಕಡಿಮೆಯಾಯಿತು. ಹೋಯಿತೆಂದು ನಂಬಲು ಅವಳಿಗೆ ಅಷ್ಟು ಸಾಕಾಯಿತು. ಒಂಬತ್ತನೆಯ ದಿನ ಮಕ್ಕಳಿಗೆಲ್ಲ ನೆನಪು ಮಾಡಿದ ಟೀಚರ್ ತನ್ನ ತಲೆಗೆ ಹಚ್ಚಲಿಲ್ಲ.

ಜಿತೇಂದ್ರ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡಿದ್ದ. ಮಗಳಿಗೆ, ತಾಯಿಗೆ, ತನಗೆ, ಮೂವರಿಗೂ ಎರಡೂ ಸಲ. ತಲೆದಿಂಬಿನ ಬಟ್ಟೆ, ಟವೆಲು, ಬಾಚಣಿಗೆಗಳನ್ನು ಬಿಸಿನೀರಿಗೆ ಹಾಕಿದ್ದ. ತೃಷಾಳ ತಲೆ ಚೊಕ್ಕವಾಯಿತು. ಆದರೆ ಬೆಂಚಿನ ಜಾಗ ತುಂಬಲಿಲ್ಲ. ಮಕ್ಕಳು ಕುಂಟೆಬಿಲ್ಲೆಗೆ ಅವಳನ್ನು ಸೇರಿಸುತ್ತಿರಲಿಲ್ಲ. ಮಧ್ಯಾಹ್ನ ಉಂಡು ಕೈತೊಳೆದ ಮೇಲೆ ಅವಳು ಕ್ಲಾಸಿನ ಬಾಗಿಲಲ್ಲಿ ನಿಂತು ಟೀಚರನ್ನು ನೋಡುತ್ತಿದ್ದಳು.

"ಬಾ ಇಲ್ಲಿ, ಓದುವ" ಎಂದು ಟೀಚರ್ ಕರೆಯುತ್ತಿದ್ದಳು.

ಹೀಗೆ ದಿನವೂ ಅರ್ಧ ಗಂಟೆ ಅವರಿಬ್ಬರು ಕಿಟಕಿಯ ಬಳಿ ಒಂದೇ ಕಥೆ ಪುಸ್ತಕದ ಮೇಲೆ ಬಗ್ಗಿ ಕೂತರು. ಅಕ್ಷರಗಳು ಸಣ್ಣ, ಮಳೆಗಾಲದ ಬೆಳಕು ಮಂದ, ಎರಡು ತಲೆಗಳೂ ಪುಸ್ತಕಕ್ಕೆ ಹತ್ತಿರವಾಗುತ್ತಿದ್ದವು. ತೃಷಾ ಕಷ್ಟದ ಶಬ್ದ ಬಂದಾಗ ಟೀಚರ ಕೆನ್ನೆಗೆ ಹಣೆ ತಾಗಿಸಿ ನಿಲ್ಲುತ್ತಿದ್ದಳು. ಹುಡುಗಿಯ ತಲೆಯಿಂದ ತೆಂಗಿನೆಣ್ಣೆಯ, ಶಾಂಪೂವಿನ ವಾಸನೆ. ಆ ಅರ್ಧ ಗಂಟೆಗಾಗಿ ತಾನು ಬೆಳಿಗ್ಗೆಯಿಂದ ಕಾಯುತ್ತೇನೆಂದು ಸುಪ್ರೀತಾಳಿಗೆ ಗೊತ್ತಿತ್ತು. ಮತ್ತೆ ಶುರುವಾದ ತುರಿಕೆಯೂ ಗೊತ್ತಿತ್ತು. ಸೆಕೆಯೆಂದುಕೊಂಡಳು. ತಲೆಹೊಟ್ಟು ಎಂದುಕೊಂಡಳು.

ಮೊದಲ ಮದ್ದು ಹಚ್ಚಿ ಮೂರು ವಾರ ಕಳೆದ ಮೇಲೆ, ಒಂದು ಶುಕ್ರವಾರ ಸಿಸ್ಟರ್ ಮತ್ತೆ ಬಂದರು. ಏಳರಲ್ಲಿ ಆರು ತಲೆ ಪೂರ್ತಿ ಚೊಕ್ಕ. ಏಳನೆಯವಳು ತೃಷಾ. ಬಿಳಿ ಕಾಗದದ ಮೇಲೆ ಎರಡು ದೊಡ್ಡ ಹೇನುಗಳು ಕಾಲಾಡಿಸುತ್ತಿದ್ದವು.

ಸಿಸ್ಟರ್ ಮತ್ತೆ ಅರ್ಧ ಗಂಟೆ ಬಾಚಿದರು. ಎಳೆ ಎಳೆ ಬಿಡಿಸಿ ನೋಡಿದರು. ಆಮೇಲೆ ಟೀಚರನ್ನು ಪಕ್ಕಕ್ಕೆ ಕರೆದರು.

"ಇದು ಮದ್ದು ಹಿಡಿಯದ್ದಲ್ಲ ಟೀಚರ್. ಮದ್ದು ಹಿಡಿಯದಿದ್ರೆ ಮರಿ, ದೊಡ್ಡದು ಎಲ್ಲ ಗಾತ್ರದ್ದು ಸಿಗ್ಬೇಕಿತ್ತು. ಇಲ್ಲಿ ಮರಿ ಒಂದೂ ಇಲ್ಲ. ಇರುವ ಸೀರು ಬುಡದಿಂದ ಬೆರಳಗಲ ದೂರ ಉಂಟು, ಬೆಳ್ಳಗಾಗಿದೆ, ಬರೀ ಸಿಪ್ಪೆ. ಈ ಎರಡು ಹೊಸತಾಗಿ ಬೇರೆ ಯಾರದೋ ತಲೆಯಿಂದ ದಾಟಿದ್ದು."

ಅವರು ಅದೇ ಸಂಜೆ ತೃಷಾಳ ಮನೆಗೂ ಹೋಗಿ ಬಂದು ಫೋನು ಮಾಡಿದರು. "ಅಜ್ಜಿ, ಅಪ್ಪ ಇಬ್ಬರ ತಲೆಯೂ ಚೊಕ್ಕ ಉಂಟು. ಎಲ್ಲಿಯೋ ಒಂದು ತಲೆ ಬಿಟ್ಟುಹೋಗಿದೆ. ಅವಳು ಯಾರ ಹತ್ರ ಜಾಸ್ತಿ ಇರ್ತಾಳೆ?"

"ಗೊತ್ತಿಲ್ಲ ಸಿಸ್ಟರ್" ಎಂದಳು ಸುಪ್ರೀತಾ. "ಯಾರೂ ಅವಳ ಹತ್ರ ಹೋಗುದಿಲ್ಲ."

ಶನಿವಾರ ಅವಳು ಸ್ಟೀಲಿನ ಬಾಚಣಿಗೆ ತೆಗೆದುಕೊಂಡು ಕನ್ನಡಿಯೆದುರು ಕೂತಳು. ಬಾಚಿ ಬಿಳಿ ಟವೆಲಿನ ಮೇಲೆ ಒರೆಸಿದಳು. ಮೂರನೆಯ ಸಲಕ್ಕೆ ಸಿಕ್ಕಿತು. ಕಿವಿಯ ಹಿಂದೆ ಬಾಚಿದಾಗ ದೊಡ್ಡವು, ಮರಿಗಳು, ಎಲ್ಲ ಗಾತ್ರದವು. ಟವೆಲಿನ ಒಂದು ಮೂಲೆ ಚುಕ್ಕಿಚುಕ್ಕಿಯಾಯಿತು. ಹಿಂಬದಿಗೆ ಕೈ ಹೋದಷ್ಟು ಬಾಚಿದಳು, ತೋಳು ಸೋತು ಬಿತ್ತು. ಟವೆಲನ್ನು ಮಡಚಿ ಎದುರಿಗಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು. ಆಚೆ ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಓಡುತ್ತಿತ್ತು. ಟೈಲರನ ಹೆಂಡತಿಯನ್ನು ಕರೆಯಬಹುದಿತ್ತು. "ನನ್ನ ಹಿಂದಿನ ಕೂದಲು ಸ್ವಲ್ಪ ನೋಡಿ" ಎಂಬಷ್ಟು ಮಾತು. ಒಂಬತ್ತು ವರ್ಷದಲ್ಲಿ ಅವರಲ್ಲಿ ಅವಳು ಮಳೆ, ಕರೆಂಟು, ನೀರಿನ ಪಂಪು ಬಿಟ್ಟು ಬೇರೆ ಮಾತಾಡಿರಲಿಲ್ಲ.

ಸೋಮವಾರ ಹೆಡ್‌ಮಾಸ್ಟರಿಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡಳು.

ಸೋಮವಾರ ಬೆಳಿಗ್ಗೆ ತೃಷಾ ತಲೆಗೆ ಶಾಲು ಸುತ್ತಿಕೊಂಡು ಬಂದಳು. ಉಜ್ವಲ್ ಹಿಂದಿನಿಂದ ಎಳೆದ. ಶಾಲಿನ ಕೆಳಗೆ ಏನೂ ಇರಲಿಲ್ಲ. ಬೋಳಿಸಿದ ತಲೆ, ಕಿವಿಯ ಹಿಂದೆ ಸೀಮೆಎಣ್ಣೆ ಸುಟ್ಟ ಹಳೆಯ ಕಲೆ.

ಟೀಚರ್ ಅವನ ಕೈಯಿಂದ ಶಾಲು ತೆಗೆದು ಅವಳಿಗೆ ಕೊಟ್ಟಳು.

"ಯಾವಾಗ?" ಎಂದು ಟೀಚರ್ ಕೇಳಿದಳು.

"ನಿನ್ನೆ. ಅಪ್ಪ ಅಂಗಡಿಗೆ ಕರ್ಕೊಂಡು ಹೋದ್ರು." ತೃಷಾ ಅಳುತ್ತಿರಲಿಲ್ಲ. "ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ನನ್ನ ಹೇನಿನ ಬಗ್ಗೆ ಬರೆದ್ರಂತೆ. ಅಮ್ಮನಿಗೆ ಗೊತ್ತಿಲ್ಲ. ನಿನ್ನೆ ಕಾಲ್ ಎತ್ತಲಿಲ್ಲ ನಾವು."

ಸುಪ್ರೀತಾ ವರಾಂಡಕ್ಕೆ ಬಂದು ಕಂಬ ಹಿಡಿದು ನಿಂತಳು. ಶುಕ್ರವಾರ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಆ ಜಡೆಗಳು ಈಗಲೂ ಇರುತ್ತಿದ್ದವು. ಬೋಳಿಸುವ ಅಗತ್ಯವೇ ಇರಲಿಲ್ಲ. ಎರಡು ಹೇನಿಗೆ ಬಾಚಣಿಗೆ ಸಾಕಿತ್ತು.

ಅವಳು ನೇರ ಆಫೀಸಿಗೆ ಹೋದಳು. ಹೆಡ್‌ಮಾಸ್ಟರ್ ವಿಷ್ಣುಪ್ರಸಾದ ಹಾಜರಿ ಪುಸ್ತಕದಿಂದ ತಲೆಯೆತ್ತಿದರು.

"ಸಾರ್, ತೃಷಾನಿಗೆ ಹೇನು ದಾಟಿದ್ದು ನನ್ನಿಂದ. ನನ್ನ ತಲೆಯಲ್ಲಿ ಉಂಟು. ಸುರುವಿನಲ್ಲೇ ಗೊತ್ತಿತ್ತು, ಹೇಳ್ಲಿಲ್ಲ."

ಅವರು ಗಾಬರಿಯಿಂದ ನೋಡಿದರು. "ಇದನ್ನು ಹೊರಗೆ ಹೇಳ್ಲಿಕ್ಕುಂಟಾ ಟೀಚರ್? ಸುಮ್ಮನೆ ಮದ್ದು ಮಾಡ್ಕೊಳ್ಳಿ. ಯಾರಿಗೆ ಗೊತ್ತಾಗ್ತದೆ?"

"ಅವಳನ್ನೇ ಎಲ್ಲರೂ ಬೈತಿದ್ದಾರೆ ಸಾರ್."

ಅಲ್ಲೇ ನಿಂತು ಅವಳು ಮೂರನೇ ಕ್ಲಾಸಿನ ಗ್ರೂಪಿನಲ್ಲಿ ಬರೆದಳು. ತೃಷಾಳ ಮನೆಯವರು ಎಲ್ಲವನ್ನೂ ಸರಿಯಾಗಿ ಮಾಡಿದ್ದರು. ಹೇನು ಮತ್ತೆ ಬಂದದ್ದು ನನ್ನ ತಲೆಯಿಂದ. ತಪ್ಪು ನನ್ನದು. ನಿಮ್ಮ ಮಕ್ಕಳ ತಲೆಯನ್ನು ಇವತ್ತು ಇನ್ನೊಮ್ಮೆ ನೋಡಿ. ಕೆಳಗೆ ತನ್ನ ಹೆಸರು.

ಮಧ್ಯಾಹ್ನದವರೆಗೂ ಯಾರೂ ಉತ್ತರ ಬರೆಯಲಿಲ್ಲ. ಎಲ್ಲರೂ ಓದಿದ್ದರು.

ಅವಳು ಸಿಸ್ಟರಿಗೂ ಫೋನು ಮಾಡಿದಳು. ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ಇವತ್ತೇ ಎರಡು ಬಾಟ್ಲಿ ತಗೊಂಡು ಸರಿಯಾಗಿ ಹಚ್ಚಿ" ಎಂದರು. "ನಿಮ್ಮ ಕೂದಲಿಗೆ ಅದು ಮಾತ್ರ ಸಾಲದು. ಒದ್ದೆ ಕೂದಲಿಗೆ ತುಂಬ ಕಂಡೀಷನರ್ ಹಾಕಿ ಬಾಚ್ಬೇಕು. ಮದ್ದಿನ ಮರುದಿನ ಬೇಡ, ನಾಡಿದ್ದಿನಿಂದ ಸುರು ಮಾಡಿ. ಆ ದಿನದಿಂದ ಲೆಕ್ಕ ಹಾಕಿ ಒಂದು, ಐದು, ಒಂಬತ್ತು, ಹದಿಮೂರನೆಯ ದಿನ. ಹದಿನೇಳನೆಯ ದಿನ ಕಡೆಯ ಪರೀಕ್ಷೆ. ಮನೆಯಲ್ಲಿ ಬಾಚ್ಲಿಕ್ಕೆ ಯಾರಾದ್ರೂ ಇದ್ದಾರಲ್ಲ?"

"ನೋಡ್ತೇನೆ" ಎಂದಳು.

ಆ ರಾತ್ರಿ ಮದ್ದು ಸರಿಯಾಗಿ ಹಚ್ಚಿದಳು. ಬುಧವಾರ ಶಾಲೆ ಬಿಟ್ಟ ಮೇಲೆ ತೃಷಾಳ ಮನೆಗೆ ನಡೆದಳು. ರಬ್ಬರ್ ತೋಟದ ಕೆಳಗೆ ಕೆಂಪು ಹಂಚಿನ ಸಣ್ಣ ಮನೆ. ಜಿತೇಂದ್ರ ಪಿಕಪ್ ತೊಳೆಯುತ್ತಿದ್ದ. ಅವಳನ್ನು ಕಂಡು ನೀರಿನ ಪೈಪು ಕೆಳಗಿಟ್ಟ, ಆದರೆ ಬನ್ನಿ ಎನ್ನಲಿಲ್ಲ.

"ಮೆಸೇಜು ನೋಡಿದೆ" ಎಂದ. "ಅವಳ ಅಮ್ಮ ನಿನ್ನೆ ಬೋಳು ತಲೆ ನೋಡಿದ್ಲು. ಒಂದು ಗಂಟೆ ಅತ್ತಿದ್ದಾಳೆ. ಅಲ್ಲಿ ಬಾತ್‌ರೂಮಿಗೆ ಹೋಗಿ ಅಳ್ಬೇಕು ಅವಳು, ಕೆಲಸದ ಮನೆಯವರಿಗೆ ಕೇಳ್ಬಾರದು ಅಂತ." ಅವನು ಪೈಪನ್ನು ಮತ್ತೆ ಎತ್ತಿಕೊಂಡ. "ನಾನೇ ಬೋಳಿಸಿದ್ದು. ನಿಮಗೆ ಎಂತ ಹೇಳುದು?"

"ನನಗೇ ಹೇಳ್ಬೇಕು" ಎಂದಳು ಸುಪ್ರೀತಾ. "ನಾನು ಶುಕ್ರವಾರ ಹೇಳ್ಬೇಕಿತ್ತು."

ಜಗಲಿಯಲ್ಲಿ ಕೂತಿದ್ದ ಕಮಲಜ್ಜಿ ಎಲ್ಲ ಕೇಳಿಸಿಕೊಂಡಿದ್ದರು. ಟೀಚರು ಇರುವ ದಿಕ್ಕಿಗೆ ಮುಖ ತಿರುಗಿಸಿ, "ಇನ್ನೂ ಉಂಟಾ ತಲೆಯಲ್ಲಿ?" ಎಂದು ಕೇಳಿದರು.

"ಮದ್ದು ಹಚ್ಚಿದ್ದೇನೆ ಅಜ್ಜಿ. ಬಾಚ್ಬೇಕು ಇನ್ನು."

"ಯಾರು ಬಾಚುದು?"

ಸುಪ್ರೀತಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಹಾಗಾದ್ರೆ ಅದು ಹೋಗುದು ಹೇಗೆ? ಪುನಃ ನಮ್ಮ ಹುಡುಗಿಗೇ ಬರುದು, ಕೂದಲು ಬಂದ ಕೂಡ್ಲೇ." ಅಜ್ಜಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. "ಬಾಚಣಿಗೆ ತಂದಿದ್ದೀರಾ?"

ಬಾಚಣಿಗೆ, ಕಂಡೀಷನರ್ ಎರಡೂ ಅವಳ ಚೀಲದಲ್ಲಿದ್ದವು. ಕೋಣೆಗೆ ಹೋಗಿ ಒಬ್ಬಳೇ ಪ್ರಯತ್ನ ಮಾಡುವುದೆಂದು ಬೆಳಿಗ್ಗೆ ಹಾಕಿಕೊಂಡು ಹೊರಟದ್ದು.

"ತಲೆ ಒದ್ದೆ ಮಾಡ್ಕೊಂಡು ಬನ್ನಿ. ಇಲ್ಲಿ ಕೆಳಗೆ ಕೂತ್ಕೊಳ್ಳಿ. ತೃಷಾ, ಬಿಳಿ ಬಟ್ಟೆ ತಾ."

ಅಂಗಳದಲ್ಲಿ ಇನ್ನೂ ಬೆಳಕಿತ್ತು. ಸುಪ್ರೀತಾ ಜಗಲಿಯ ಮೆಟ್ಟಿಲಲ್ಲಿ ಕೂತಳು, ಅಜ್ಜಿ ಮೇಲೆ. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿದರು. ಆಮೇಲೆ ಕೂದಲನ್ನು ಬೀಡಿಯ ಎಲೆ ಬೇರೆ ಮಾಡುವ ಹಾಗೆ ಬೆರಳಗಲದ ಪಾಲು ಪಾಲು ಮಾಡಿ, ಸ್ಟೀಲಿನ ಬಾಚಣಿಗೆಯ ಹಲ್ಲು ಚರ್ಮಕ್ಕೆ ತಾಗುವಂತೆ ಇಟ್ಟು, ತುದಿಯವರೆಗೆ ಒಂದೇ ಸಮನೆ ಎಳೆದರು. ಎಳೆದು ಬಟ್ಟೆಗೆ ಒರೆಸಿದರು. ಕಂಡೀಷನರಿನ ನುಣುಪಿನಲ್ಲಿ ಬಾಚಣಿಗೆ ಎಲ್ಲಿಯೂ ಕಚ್ಚಲಿಲ್ಲ, ಒದ್ದೆ ಕೂದಲಲ್ಲಿ ಹೇನು ಓಡಲೂ ಇಲ್ಲ.

ಕಣ್ಣಿಲ್ಲದಿದ್ದರೂ ನಡೆಯುವ ಕೆಲಸ ಅದು. ಬಟ್ಟೆ ನೋಡುವುದು ತೃಷಾಳ ಪಾಲಿಗೆ ಬಂತು. ಬೋಳು ತಲೆಯನ್ನು ಬಗ್ಗಿಸಿ ಅವಳು ಗಂಭೀರವಾಗಿ ನೋಡುತ್ತಿದ್ದಳು. "ಒಂದು ದೊಡ್ಡದು ಅಜ್ಜೀ. ಇದು ಮರಿ. ಇದು ಸತ್ತದ್ದು. ಈ ಸಲ ಎಂತ ಇಲ್ಲ."

ಅಜ್ಜಿಯ ಬೆರಳುಗಳು ಕತ್ತಿನ ಮೇಲೆ ಬಂದವು. ಒರಟು, ಒಣಗಿದ ಬೆರಳುಗಳು. ಎರಡು ವರ್ಷದಿಂದ ಯಾರೂ ಮುಟ್ಟದ ಜಾಗ. ಸುಪ್ರೀತಾ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು.

"ನೋವಾಗ್ತದಾ?" ಎಂದರು ಅಜ್ಜಿ.

"ಇಲ್ಲ."

"ಅಲುಗಾಡ್ಬೇಡಿ ಮತ್ತೆ."

ಒಂದು ಗಂಟೆ ಹಿಡಿಯಿತು. ತೃಷಾ ಎಣಿಸಿದ್ದು ಹನ್ನೊಂದು ಜೀವಂತ, ಸತ್ತದ್ದು ಲೆಕ್ಕಕ್ಕಿಲ್ಲ. ಐದನೆಯ ದಿನ ಹೋದಾಗ ನಾಲ್ಕು, ಎಲ್ಲವೂ ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗಳು. ಅದಾಗಿ ಎರಡು ದಿನಕ್ಕೆ ಎರಡನೆಯ ಸಲ ಮದ್ದು ಹಚ್ಚಿದಳು. ಒಂಬತ್ತನೆಯ ದಿನ ಒಂದೇ. ಹದಿಮೂರನೆಯ ದಿನ ಬಟ್ಟೆ ಕೊನೆಯವರೆಗೂ ಬಿಳಿಯಾಗಿಯೇ ಉಳಿಯಿತು.

ಆ ದಿನಗಳಲ್ಲಿ ಶಾಲೆಯಲ್ಲಿ ಅವಳ ಸುತ್ತ ಒಂದು ಖಾಲಿ ಜಾಗ ಹುಟ್ಟಿಕೊಂಡಿತ್ತು. ಮಕ್ಕಳು ಕಾಪಿ ಪುಸ್ತಕವನ್ನು ಮೇಜಿನ ಆ ತುದಿಯಲ್ಲಿಟ್ಟು ಓಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವಳ ಪಕ್ಕದ ಕುರ್ಚಿಗೆ ಯಾರೋ ಒಂದು ಕಟ್ಟು ನೋಟ್‌ಬುಕ್ ಇಟ್ಟಿದ್ದರು. ಅದು ಅಲ್ಲಿಯೇ ಉಳಿಯಿತು. ಉಜ್ವಲ್‌ನ ತಾಯಿ ಗೇಟಿನಲ್ಲಿ ಸಿಕ್ಕಾಗ ಬಗ್ಗಿ ಮಗನ ಚೀಲ ಸರಿಪಡಿಸತೊಡಗಿದರು. ತೃಷಾ ಈಗ ಮಧ್ಯಾಹ್ನ ಕಿಟಕಿಯ ಬಳಿಗೆ ಬರುತ್ತಿರಲಿಲ್ಲ. ಬೋಳು ತಲೆಯಲ್ಲಿ ಹೇನು ಇರಲು ಸಾಧ್ಯವಿಲ್ಲವೆಂದು ಮಕ್ಕಳಿಗೆ ಖಾತ್ರಿಯಾಗಿ ಅವಳನ್ನು ಆಟಕ್ಕೆ ಸೇರಿಸಿಕೊಂಡಿದ್ದರು. ಉಜ್ವಲ್‌ನ ಜೊತೆಗೆ ಅವಳು ಅಂಗಳದಲ್ಲಿ ಕಿರುಚುತ್ತಾ ಓಡುವುದು ಕ್ಲಾಸಿನೊಳಗಿಂದ ಕಾಣುತ್ತಿತ್ತು. ಟೀಚರ್ ಅದನ್ನು ನೋಡಿ ಸಂತೋಷಪಟ್ಟಳು. ಆ ಸಂತೋಷ ಹೊತ್ತುಕೊಂಡು ಒಬ್ಬಳೇ ಕೂತಳು.

ಹದಿನೇಳನೆಯ ದಿನ ಶುಕ್ರವಾರ ಬಂತು. ಅಜ್ಜಿ ಎಲ್ಲ ಪಾಲುಗಳನ್ನೂ ಎರಡೆರಡು ಸಲ ಎಳೆದರು. ತೃಷಾ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಎಂತ ಇಲ್ಲ."

"ಸೀರು?"

"ಹಳೆಯದ್ದು ಮಾತ್ರ ಅಜ್ಜಿ. ಬುಡದಿಂದ ದೂರ ಉಂಟು."

ಅಜ್ಜಿ ಬಾಚಣಿಗೆಯನ್ನು ಒರೆಸಿ ಟೀಚರ ಕೈಗೆ ಕೊಟ್ಟರು. "ಆಯ್ತು. ಇನ್ನು ಬರ್ಬೇಕಾದ್ದಿಲ್ಲ ನೀವು."

ಸುಪ್ರೀತಾ ಕೂದಲು ತೊಳೆದು ಬಂದಳು. ಬಾಚಣಿಗೆಯನ್ನು ಚೀಲದಲ್ಲಿಟ್ಟಳು. ಹೊರಡಲು ಎದ್ದವಳು ಮೆಟ್ಟಿಲಲ್ಲಿ ನಿಂತಳು. ಐದು ಸಂಜೆಗಳಲ್ಲಿ ಈ ಮನೆಯಲ್ಲಿ ಅವರು ಹೆಚ್ಚು ಮಾತಾಡಿರಲಿಲ್ಲ. ಮಾತು ಬೇಕಾಗಿಯೂ ಇರಲಿಲ್ಲ.

"ಅಜ್ಜಿ, ಸುಮ್ಮನೆ ಬಂದ್ರೆ ಆಗ್ತದಾ?"

"ಸುಮ್ಮನೆ ಎಂತಕ್ಕೆ ಬರುದು?" ಅಜ್ಜಿಗೆ ನಿಜವಾಗಿ ಅರ್ಥವಾಗಿರಲಿಲ್ಲ. "ಹೇನು ಹೋಯ್ತಲ್ಲ."

"ಹೌದು" ಎಂದು ಅವಳು ನಕ್ಕು, ಚೀಲ ಹೆಗಲಿಗೇರಿಸಿ, ರಬ್ಬರ್ ತೋಟದ ನಡುವೆ ನಡೆದು ಬಸ್ಸಿಗೆ ಹೋದಳು.

ಆ ಭಾನುವಾರ ಅವಳು ಎಲ್ಲಿಗೂ ಹೋಗಲಿಲ್ಲ. ಬಟ್ಟೆ ಒಗೆದಳು, ಉತ್ತರ ಪತ್ರಿಕೆ ತಿದ್ದಿದಳು. ಅಣ್ಣನಿಗೆ ಫೋನು ಮಾಡಿದಳು, ಅವನು ತೋಟದಲ್ಲಿದ್ದ, ಆಮೇಲೆ ಮಾಡುತ್ತೇನೆಂದ, ಮಾಡಲಿಲ್ಲ. ಸಂಜೆಗೆ ತಲೆ ಬಾಚಿಕೊಂಡಳು. ಮುಂದಿನದು, ಪಕ್ಕದ್ದು, ಕೈ ಹೋಗುವಷ್ಟು ಹಿಂದಿನದು.

ಮರು ಭಾನುವಾರ ಬೆಳಿಗ್ಗೆ ಹತ್ತರ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಎರಡು ಸಲ ಇಳಿದುಬಿಡೋಣವೆನಿಸಿತು.

ಜಿತೇಂದ್ರನ ಪಿಕಪ್ ಅಂಗಳದಲ್ಲಿರಲಿಲ್ಲ. ತೃಷಾ ಬಟ್ಟೆ ಒಣಗಿಸುವ ಹಗ್ಗಕ್ಕೆ ಜೋತುಬಿದ್ದು ಆಡುತ್ತಿದ್ದಳು. ತಲೆಯ ಮೇಲೆ ಕಪ್ಪು ಮಕಮಲ್ಲಿನ ಹಾಗೆ ಕೂದಲು ಮೂಡಿತ್ತು. "ಅಜ್ಜೀ, ಟೀಚರ್ ಬಂದ್ರು" ಎಂದು ಕೂಗಿ, ಹತ್ತಿರ ಬಂದು, "ಪುನಃ ಹೇನು ಬಂತಾ ಟೀಚರ್?" ಎಂದು ಕೇಳಿದಳು.

"ಇಲ್ಲ."

"ಮತ್ತೆ?"

ಸುಪ್ರೀತಾ ಮೆಟ್ಟಿಲವರೆಗೆ ನಡೆದು ನಿಂತಳು. ಜಗಲಿಯಲ್ಲಿ ಕಮಲಜ್ಜಿ ಗೆರಸೆಯಲ್ಲಿ ಕುಚ್ಚಲಕ್ಕಿ ಹರಡಿ ಬೆರಳಿನಲ್ಲಿ ತಡಕುತ್ತಿದ್ದರು. ಬರುತ್ತಿದ್ದವರ ಹೆಜ್ಜೆಯ ಸದ್ದು ಮೆಟ್ಟಿಲ ಬಳಿ ನಿಂತದ್ದನ್ನು ಕೇಳಿ ಅವರು ತಡಕುವುದನ್ನು ನಿಲ್ಲಿಸಿದರು. ಆಮೇಲೆ ಗೆರಸೆಯನ್ನು ಮುಂದಕ್ಕೆ ತಳ್ಳಿದರು.

"ಕೂತ್ಕೊಳ್ಳಿ" ಎಂದರು. "ಕಲ್ಲು ಹೆಕ್ಕಿ ಕೊಡಿ. ನನಗೆ ಕಾಣುದಿಲ್ಲ."